ಒಂದೇ ಮಾದರಿಗೆ ಮೂರು ಅಂಕಿಗಳು: ಎಂಎಇ, ಆರ್‌ಎಂಎಸ್‌ಇ, ಆರ್-ಸ್ಕ್ವೇರ್ಡ್

ರಿಗ್ರೆಶನ್ ಕಲಿಯಲು ಹೊರಟವರಲ್ಲಿ ಬಹಳಷ್ಟು ಜನರು ಕ್ಯಾಲಿಫೋರ್ನಿಯಾದ ಮನೆ ಬೆಲೆಗಳ ದತ್ತಾಂಶದ ಮೇಲೆ ಒಮ್ಮೆಯಾದರೂ ಕೆಲಸ ಮಾಡಿರುತ್ತಾರೆ. ಅಮೆರಿಕದ 1990ರ ಜನಗಣತಿಯಿಂದ ತೆಗೆದ ಈ ದತ್ತಾಂಶದಲ್ಲಿ 20,640 ಸಾಲುಗಳಿವೆ. ಒಂದೊಂದು ಸಾಲೂ ಒಂದು ಬ್ಲಾಕ್ ಗ್ರೂಪ್, ಅಂದರೆ ಸಾಮಾನ್ಯವಾಗಿ 600ರಿಂದ 3,000 ಜನರಿರುವ ಒಂದು ಸಣ್ಣ ಗಣತಿ ಘಟಕ. ಈ ಲೇಖನದ ಮಟ್ಟಿಗೆ ಅದನ್ನು ಬಡಾವಣೆ ಎಂದು ಕರೆಯೋಣ. ನಿವಾಸಿಗಳ ಆದಾಯ, ಮನೆಗಳ ವಯಸ್ಸು, ಕೋಣೆಗಳ ಸರಾಸರಿ ಸಂಖ್ಯೆ, ಜನಸಂಖ್ಯೆ, ಅಕ್ಷಾಂಶ, ರೇಖಾಂಶ ಮುಂತಾದ ಎಂಟು ಅಂಶಗಳನ್ನು ಕೊಟ್ಟು, ಆ ಬಡಾವಣೆಯ ಮನೆಗಳ ಮಧ್ಯಾಂಕ ಬೆಲೆಯನ್ನು ಅಂದಾಜು ಮಾಡುವಂತೆ ಮಾದರಿಗೆ ಹೇಳುತ್ತೇವೆ. ಬೆಲೆಯನ್ನು ಲಕ್ಷ ಡಾಲರ್‌ಗಳಲ್ಲಿ ಬರೆದಿಡಲಾಗಿದೆ, 2.5 ಎಂದರೆ ಎರಡೂವರೆ ಲಕ್ಷ ಡಾಲರ್.

ಇದರ ಮೇಲೆ ತೀರ ಸರಳವಾದ ಲೀನಿಯರ್ ರಿಗ್ರೆಶನ್ ಮಾದರಿಯನ್ನು ಕಟ್ಟಿ, ಐದನೇ ಒಂದು ಭಾಗದ ಸಾಲುಗಳನ್ನು ಪರೀಕ್ಷೆಗೆಂದು ಪಕ್ಕಕ್ಕಿಟ್ಟು ನೋಡಬಹುದು.

```python
from sklearn.datasets import fetch_california_housing
from sklearn.linear_model import LinearRegression
from sklearn.model_selection import train_test_split
from sklearn.metrics import (mean_absolute_error,
                             root_mean_squared_error, r2_score)

X, y = fetch_california_housing(return_X_y=True)
X_tr, X_te, y_tr, y_te = train_test_split(
    X, y, test_size=0.2, random_state=42)
p = LinearRegression().fit(X_tr, y_tr).predict(X_te)

print(mean_absolute_error(y_te, p))
print(root_mean_squared_error(y_te, p))
print(r2_score(y_te, p))
```

ಇದನ್ನು ಓಡಿಸಿದರೆ ಸುಮಾರು 0.533, 0.746 ಮತ್ತು 0.576 ಎಂಬ ಮೂರು ಅಂಕಿಗಳು, ಅಂದರೆ ಕ್ರಮವಾಗಿ ಎಂಎಇ, ಆರ್‌ಎಂಎಸ್‌ಇ ಮತ್ತು ಆರ್-ಸ್ಕ್ವೇರ್ಡ್, ತೆರೆಯ ಮೇಲೆ ಬರುತ್ತವೆ. (ಹಳೆಯ ಆವೃತ್ತಿಯ ಸೈಕಿಟ್-ಲರ್ನ್ ಇದ್ದರೆ ಎರಡನೆಯ ಫಂಕ್ಷನ್ ಸಿಗುವುದಿಲ್ಲ, ಅದು 1.4ನೇ ಆವೃತ್ತಿಯಲ್ಲಿ ಸೇರಿದ್ದು.) ಮಾದರಿ ಒಂದೇ, ಪರೀಕ್ಷೆಗೆ ಒಳಗಾದ 4,128 ಸಾಲುಗಳೂ ಅವೇ. ಆದರೂ ಮೊದಲ ಅಂಕಿ 53,300 ಡಾಲರ್ ತಪ್ಪಿದೆ ಎನ್ನುತ್ತದೆ, ಎರಡನೆಯದು 74,600 ಡಾಲರ್ ಎನ್ನುತ್ತದೆ, ಮೂರನೆಯದು ಡಾಲರ್‌ನ ಮಾತನ್ನೇ ಎತ್ತುವುದಿಲ್ಲ. ಈ ಮೂರರಲ್ಲಿ ಯಾವುದು ಸರಿ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, ಏಕೆಂದರೆ ಇವು ಮೂರು ಬೇರೆ ಬೇರೆ ಪ್ರಶ್ನೆಗಳ ಉತ್ತರಗಳು. ಆ ಪ್ರಶ್ನೆಗಳು ಯಾವುವು ಎಂಬುದನ್ನು ನಾಲ್ಕು ಸಾವಿರ ಸಾಲುಗಳಲ್ಲಿ ಹುಡುಕುವುದಕ್ಕಿಂತ ಐದು ಸಾಲುಗಳಲ್ಲಿ ಕೈಯಿಂದಲೇ ಲೆಕ್ಕ ಹಾಕಿ ಕಂಡುಕೊಳ್ಳುವುದು ಸುಲಭ.

ಐದು ಬಡಾವಣೆಗಳಿವೆ ಎಂದುಕೊಳ್ಳಿ. ಅಂಕಿಗಳು ಉದಾಹರಣೆಗೆಂದು ನಾನೇ ಇಟ್ಟುಕೊಂಡವು, ಸಾವಿರ ಡಾಲರ್‌ಗಳಲ್ಲಿವೆ. ಇವುಗಳ ಬೆಲೆಯನ್ನು ಮಾದರಿ ಕ ಮತ್ತು ಮಾದರಿ ಖ ಎಂಬ ಎರಡು ಮಾದರಿಗಳು ಹೀಗೆ ಅಂದಾಜು ಮಾಡಿವೆ:

| ಬಡಾವಣೆ | ನಿಜ ಬೆಲೆ | ಕ ಅಂದಾಜು | ಖ ಅಂದಾಜು |
|---|---|---|---|
| 1 | 120 | 160 | 130 |
| 2 | 160 | 120 | 150 |
| 3 | 180 | 220 | 190 |
| 4 | 220 | 180 | 210 |
| 5 | 420 | 380 | 300 |

ಮಾದರಿ ಕ ಎಲ್ಲ ಕಡೆಯೂ 40ರಷ್ಟು ತಪ್ಪುತ್ತದೆ, ಎಲ್ಲೂ ಅದಕ್ಕಿಂತ ಹೆಚ್ಚಿಲ್ಲ, ಎಲ್ಲೂ ಕಡಿಮೆಯಿಲ್ಲ. ಮಾದರಿ ಖ ಮೊದಲ ನಾಲ್ಕು ಬಡಾವಣೆಗಳಲ್ಲಿ ಕೇವಲ 10ರಷ್ಟು ತಪ್ಪುತ್ತದೆ, ಆದರೆ ಐದನೆಯ ದುಬಾರಿ ಬಡಾವಣೆಯಲ್ಲಿ 120ರಷ್ಟು ಕೆಳಗೆ ಬೀಳುತ್ತದೆ.

ಎಂಎಇ, ಅಂದರೆ ಸರಾಸರಿ ನಿರಪೇಕ್ಷ ದೋಷ, ಮೂರರಲ್ಲಿ ಅತ್ಯಂತ ನೇರವಾದದ್ದು. ಪ್ರತಿ ಸಾಲಿನ ತಪ್ಪನ್ನು ಹೆಚ್ಚೋ ಕಡಿಮೆಯೋ ಎಂದು ನೋಡದೆ, ಎಷ್ಟು ಎಂಬುದನ್ನಷ್ಟೇ ತೆಗೆದುಕೊಂಡು ಸರಾಸರಿ ಹಾಕುತ್ತೇವೆ. ಕ ಮಾದರಿಗೆ ಅದು 40. ಖ ಮಾದರಿಗೆ 10, 10, 10, 10, 120 ಕೂಡಿದರೆ 160, ಐದರಿಂದ ಭಾಗಿಸಿದರೆ 32. ಹಾಗಾದರೆ ಎಂಎಇ ಪ್ರಕಾರ ಖ ಮೇಲು.

ಆರ್‌ಎಂಎಸ್‌ಇ ಲೆಕ್ಕದಲ್ಲಿ ಪ್ರತಿ ತಪ್ಪನ್ನೂ ಮೊದಲು ವರ್ಗ ಮಾಡಿ, ಆ ವರ್ಗಗಳ ಸರಾಸರಿ ತೆಗೆದು, ಕೊನೆಗೆ ವರ್ಗಮೂಲ ತೆಗೆಯುತ್ತೇವೆ. ವರ್ಗಮೂಲ ತೆಗೆಯುವುದು ಉತ್ತರವನ್ನು ಮತ್ತೆ ಡಾಲರ್‌ಗೆ ತರಲಿಕ್ಕೆ. ಕ ಮಾದರಿಯಲ್ಲಿ ಪ್ರತಿ ವರ್ಗವೂ 1,600, ಸರಾಸರಿಯೂ ಅಷ್ಟೇ, ಹಾಗಾಗಿ ಉತ್ತರ ಪುನಃ 40. ಖ ಮಾದರಿಯಲ್ಲಿ ನಾಲ್ಕು ಸಣ್ಣ ತಪ್ಪುಗಳ ವರ್ಗಗಳು ಒಟ್ಟು 400 ಮಾತ್ರ, ಐದನೆಯದರ ವರ್ಗ ಒಂದೇ 14,400. ಒಟ್ಟು 14,800, ಸರಾಸರಿ 2,960, ವರ್ಗಮೂಲ ಸುಮಾರು 54.4. ಇಲ್ಲಿ ಕ ಮೇಲು. ಎರಡು ಮಾಪನಗಳು ಎರಡು ಬೇರೆ ತೀರ್ಪು ಕೊಟ್ಟವು, ಮತ್ತು ಲೆಕ್ಕದಲ್ಲಿ ಯಾವುದೂ ತಪ್ಪಿಲ್ಲ.

ಆ 14,800ರಲ್ಲಿ 14,400, ಅಂದರೆ ಶೇಕಡಾ 97ರಷ್ಟು, ಒಂದೇ ಸಾಲಿನಿಂದ ಬಂದಿದೆ ಎಂಬುದನ್ನು ಗಮನಿಸಿ. 54.4 ಎಂಬ ಅಂಕಿಯನ್ನು ‘ಮಾದರಿ ಸಾಮಾನ್ಯವಾಗಿ 54 ಸಾವಿರದಷ್ಟು ತಪ್ಪುತ್ತದೆ’ ಎಂದು ಓದುವವರು ಬಹಳ ಜನ ಇದ್ದಾರೆ. ಆದರೆ ಈ ಐದು ಬಡಾವಣೆಗಳಲ್ಲಿ 54ರ ಆಸುಪಾಸಿನಲ್ಲಿ ತಪ್ಪಿದ್ದು ಒಂದೂ ಇಲ್ಲ. ನಾಲ್ಕು ಬಹಳ ಕಡಿಮೆ, ಒಂದು ಬಹಳ ಹೆಚ್ಚು. ಆರ್‌ಎಂಎಸ್‌ಇ ಡಾಲರ್‌ನಲ್ಲಿ ಇರುವುದು ನಿಜ, ಆದರೆ ಅದು ಯಾವ ಮನೆಯ ತಪ್ಪೂ ಅಲ್ಲ. ದೊಡ್ಡ ತಪ್ಪುಗಳಿಗೆ ಹೆಚ್ಚು ದಂಡ ಹಾಕಿ ಲೆಕ್ಕ ಹಾಕಿದ ಒಂದು ಮೊತ್ತ ಅದು. ಹಾಗೆ ನೋಡಿದರೆ 32 ಎಂಬ ಎಂಎಇ ಕೂಡ ಯಾವ ಸಾಲಿನ ತಪ್ಪೂ ಅಲ್ಲ, ಆದರೆ ಸಾಲಿಗೆ ಇಷ್ಟರಂತೆ ತಪ್ಪನ್ನು ಹಂಚಿದರೆ ಎಷ್ಟು ಬರುತ್ತದೆ ಎಂಬ ಸರಳ ಅರ್ಥವಾದರೂ ಅದಕ್ಕಿದೆ. ಗಣಿತ ಗೊತ್ತಿಲ್ಲದವರಿಗೆ ಹೇಳಿದರೂ ಅರ್ಥವಾಗುತ್ತದೆ.

ಇವೆರಡನ್ನು ಒಟ್ಟಿಗೆ ನೋಡುವುದರಲ್ಲಿ ಒಂದು ಪ್ರಯೋಜನವಿದೆ. ಆರ್‌ಎಂಎಸ್‌ಇ ಎಂದೂ ಎಂಎಇಗಿಂತ ಕಡಿಮೆಯಾಗುವುದಿಲ್ಲ. ಎಲ್ಲ ತಪ್ಪುಗಳೂ ಒಂದೇ ಗಾತ್ರದವಾಗಿದ್ದರೆ ಮಾತ್ರ, ಕ ಮಾದರಿಯಲ್ಲಿ ಆದಂತೆ, ಎರಡೂ ಸಮ. ತಪ್ಪುಗಳ ಗಾತ್ರ ಏರುಪೇರಾದಷ್ಟೂ ಆರ್‌ಎಂಎಸ್‌ಇ ಮೇಲೇರುತ್ತದೆ. ತಪ್ಪುಗಳು ಗಂಟೆಯಾಕಾರದ ನಾರ್ಮಲ್ ಹಂಚಿಕೆಯಲ್ಲಿದ್ದರೆ ಆರ್‌ಎಂಎಸ್‌ಇಯನ್ನು ಎಂಎಇಯಿಂದ ಭಾಗಿಸಿದಾಗ ಸುಮಾರು 1.25 ಬರುತ್ತದೆ. ಖ ಮಾದರಿಯಲ್ಲಿ ಅದು 1.7. ನಮ್ಮ ಕ್ಯಾಲಿಫೋರ್ನಿಯಾ ಮಾದರಿಯಲ್ಲಿ 0.746 ಭಾಗಿಸು 0.533, ಅಂದರೆ 1.4. ನಾರ್ಮಲ್ ಹಂಚಿಕೆಯಲ್ಲಿ ಕಾಣುವುದಕ್ಕಿಂತ ದೊಡ್ಡ ತಪ್ಪುಗಳು ಇಲ್ಲಿ ಹೆಚ್ಚಿವೆ ಎಂದು ಈ ಅನುಪಾತವೇ ಹೇಳುತ್ತದೆ. ಇಂಥ ಅಂಕಿ ಕಂಡಾಗ ನಾನು ಮೊದಲು ಮಾಡುವ ಕೆಲಸವೆಂದರೆ ತಪ್ಪಿನ ಗಾತ್ರದ ಪ್ರಕಾರ ಸಾಲುಗಳನ್ನು ಜೋಡಿಸಿ, ಮೇಲಿನ ಇಪ್ಪತ್ತು ಸಾಲುಗಳನ್ನು ಕಣ್ಣಾರೆ ನೋಡುವುದು. ಅಲ್ಲಿ ಟೈಪಿಸುವಾಗ ಆದ ಎಡವಟ್ಟಿದೆಯೋ, ಮಾದರಿಗೆ ಗೊತ್ತೇ ಇಲ್ಲದ ಒಂದು ಬಗೆಯ ಬಡಾವಣೆಯಿದೆಯೋ ಎಂಬುದು ಯಾವ ಸರಾಸರಿಯಿಂದಲೂ ತಿಳಿಯುವುದಿಲ್ಲ.

ವರ್ಗ ಮಾಡುವುದೋ ಬಿಡುವುದೋ ಎಂಬುದು ದಂಡದ ಪ್ರಶ್ನೆ ಮಾತ್ರ ಎಂದು ಅನೇಕ ಪಾಠಗಳು ಇಲ್ಲಿಗೇ ನಿಲ್ಲಿಸುತ್ತವೆ. ಆದರೆ ಇದಕ್ಕಿಂತ ಆಳದ ಒಂದು ವ್ಯತ್ಯಾಸವಿದೆ, ಮತ್ತು ಎರಡರಲ್ಲಿ ಒಂದನ್ನು ಆಯುವಾಗ ತೂಗಬೇಕಾದದ್ದು ಅದನ್ನೇ. ಯಾವ ಮಾಹಿತಿಯೂ ಇಲ್ಲದೆ, ಐದೂ ಬಡಾವಣೆಗಳಿಗೆ ಒಂದೇ ಬೆಲೆಯನ್ನು ಹೇಳಬೇಕಾಗಿ ಬಂದರೆ ಎಷ್ಟು ಹೇಳಬೇಕು?

ಮೊದಲು 220 ಎಂದು ಹೇಳಿ ನೋಡೋಣ. ಈ ಅಂದಾಜನ್ನು ಒಂದು ಹೆಜ್ಜೆ ಕೆಳಗಿಳಿಸಿ 219 ಮಾಡಿದರೆ, ಕೆಳಗಿರುವ 120, 160 ಮತ್ತು 180ರ ಮೂರು ಬಡಾವಣೆಗಳಿಗೆ ನಾವು ಒಂದೊಂದು ಹೆಜ್ಜೆ ಹತ್ತಿರವಾದೆವು, 220 ಮತ್ತು 420ರ ಎರಡರಿಂದ ಒಂದೊಂದು ಹೆಜ್ಜೆ ದೂರವಾದೆವು. ಮೂರು ಲಾಭ, ಎರಡು ನಷ್ಟ. ನಿರಪೇಕ್ಷ ದೋಷಗಳ ಮೊತ್ತ ಒಂದರಷ್ಟು ಇಳಿಯಿತು. ಹೀಗೆ ಇಳಿಯುತ್ತ ಹೋದರೆ 180ರಲ್ಲಿ ಲಾಭ ನಿಲ್ಲುತ್ತದೆ, ಏಕೆಂದರೆ ಅದಕ್ಕಿಂತ ಕೆಳಗೆ ಹೋದರೆ ಎರಡಕ್ಕೆ ಹತ್ತಿರ, ಮೂರಕ್ಕೆ ದೂರ. 180 ಈ ಐದು ಬೆಲೆಗಳ ಮಧ್ಯಾಂಕ. ಇಲ್ಲಿ ಪ್ರತಿ ಬಡಾವಣೆಗೂ ಒಂದೇ ಮತ; 420 ಇದ್ದದ್ದು 4,200 ಆದರೂ ಉತ್ತರ ಬದಲಾಗುವುದಿಲ್ಲ.

ವರ್ಗದ ಲೆಕ್ಕದಲ್ಲಿ ಪ್ರತಿ ಬಡಾವಣೆಯೂ ತನ್ನ ದೂರಕ್ಕೆ ತಕ್ಕಷ್ಟು ಬಲದಿಂದ ಅಂದಾಜನ್ನು ತನ್ನತ್ತ ಎಳೆಯುತ್ತದೆ. 220ರಲ್ಲಿ ನಿಂತಾಗ ಕೆಳಗಿನ ಮೂರು 100, 60 ಮತ್ತು 40ರ ಬಲದಿಂದ ಕೆಳಕ್ಕೆ ಎಳೆಯುತ್ತವೆ, ಒಟ್ಟು 200. ಮೇಲಿನ 420 ಒಂದೇ 200ರ ಬಲದಿಂದ ಮೇಲಕ್ಕೆ ಎಳೆಯುತ್ತದೆ. ತಕ್ಕಡಿ ಸಮವಾಯಿತು. 220 ಈ ಐದರ ಸರಾಸರಿ. ಅಂದರೆ ಎಂಎಇಯನ್ನು ಕಡಿಮೆ ಮಾಡಲು ಹೊರಟ ಮಾದರಿ ಮಧ್ಯಾಂಕದ ಕಡೆ ಹೋಗುತ್ತದೆ, ಆರ್‌ಎಂಎಸ್‌ಇಯನ್ನು ಕಡಿಮೆ ಮಾಡಲು ಹೊರಟದ್ದು ಸರಾಸರಿಯ ಕಡೆ ಹೋಗುತ್ತದೆ. ಅಂಶಗಳು ಎಷ್ಟೇ ಸೇರಲಿ, ಮಾದರಿ ಎಷ್ಟೇ ಜಟಿಲವಾಗಿರಲಿ, ಈ ಗುಣ ಬದಲಾಗುವುದಿಲ್ಲ. ಒಂದೇ ಬಗೆಯ ಬಡಾವಣೆಗಳ ಗುಂಪಿನೊಳಗೆ ಒಂದು ಮಧ್ಯಾಂಕವನ್ನು ಹುಡುಕುತ್ತದೆ, ಇನ್ನೊಂದು ಸರಾಸರಿಯನ್ನು.

ಇದರ ಪರಿಣಾಮ ಕೂಡುವಾಗ ಕಾಣುತ್ತದೆ. ಐದೂ ಕಡೆ 180 ಎಂದವನ ಎಂಎಇ 72, ಐದೂ ಕಡೆ 220 ಎಂದವನದು 80. ಎಂಎಇ ಪ್ರಕಾರ ಮೊದಲನೆಯವನೇ ಜಾಣ. ಆದರೆ ಈ ಅಂದಾಜುಗಳನ್ನು ಕೂಡಿ ಆಸ್ತಿ ತೆರಿಗೆಯಿಂದ ಒಟ್ಟು ಎಷ್ಟು ಬರಬಹುದು ಎಂದು ಲೆಕ್ಕ ಹಾಕಬೇಕಿದ್ದರೆ, ಮೊದಲನೆಯವನ ಮೊತ್ತ 900 ಆಗುತ್ತದೆ, ನಿಜವಾದ ಮೊತ್ತ 1,100. ಎರಡನೆಯವನದು ಸರಿಯಾಗಿ 1,100. ಮನೆ ಬೆಲೆ, ಆದಾಯ, ಆಸ್ಪತ್ರೆ ಖರ್ಚು, ಮಳೆಯ ಪ್ರಮಾಣ ಇವೆಲ್ಲ ಬಲಕ್ಕೆ ಉದ್ದ ಬಾಲವಿರುವ ಅಂಕಿಗಳು. ಇವುಗಳಲ್ಲಿ ಮಧ್ಯಾಂಕವು ಸರಾಸರಿಗಿಂತ ಕೆಳಗಿರುತ್ತದೆ. ಆದ್ದರಿಂದ ಎಂಎಇ ಒಂದನ್ನೇ ನೋಡಿ ಆಯ್ದ ಮಾದರಿಯ ಅಂದಾಜುಗಳನ್ನು ಕೂಡಿದರೆ ಮೊತ್ತ ಒಂದೇ ದಿಕ್ಕಿನಲ್ಲಿ, ಕಡಿಮೆಯ ಕಡೆಗೆ, ವಾಲುತ್ತದೆ. ಮೊತ್ತ ಮುಖ್ಯವಾದ ಕಡೆ ಆರ್‌ಎಂಎಸ್‌ಇ ಇರಲಿ. ಒಬ್ಬ ಖರೀದಿದಾರನಿಗೆ ಒಂದು ಮನೆಯ ಬೆಲೆ ಹೇಳುವ ಕಡೆ, ತಪ್ಪು ಇಮ್ಮಡಿಯಾದರೆ ಹಾನಿಯೂ ಬರೀ ಇಮ್ಮಡಿಯಾಗುವ ಕಡೆ, ಎಂಎಇ ಇರಲಿ.

ಇನ್ನೂ ಒಂದು ವಿಷಯ ಇದಕ್ಕೆ ಅಂಟಿಕೊಂಡಿದೆ. ಲೀನಿಯರ್ ರಿಗ್ರೆಶನ್ ತರಬೇತಿಯ ಹೊತ್ತಿನಲ್ಲಿ ಇಳಿಸುವುದು ವರ್ಗಗಳ ಮೊತ್ತವನ್ನು. ಹಾಗೆ ಸರಾಸರಿಯನ್ನು ಹುಡುಕಲು ಕಲಿಸಿದ ಮಾದರಿಯನ್ನು ಕೊನೆಗೆ ಎಂಎಇಯಿಂದ ಅಳೆದರೆ, ಅದಕ್ಕೆ ಕಲಿಸದ ಪಾಠದಲ್ಲಿ ಪರೀಕ್ಷೆ ಕೊಟ್ಟಂತಾಗುತ್ತದೆ. ಎಂಎಇ ಮುಖ್ಯವೆಂದು ಮೊದಲೇ ತೀರ್ಮಾನವಾಗಿದ್ದರೆ ತರಬೇತಿಯಲ್ಲೂ ಅದನ್ನೇ ಇಳಿಸುವಂತೆ ಹೇಳಬಹುದು. ಸೈಕಿಟ್-ಲರ್ನ್‌ನ `HistGradientBoostingRegressor`ನಲ್ಲಿ `loss="absolute_error"` ಎಂದು ಕೊಟ್ಟರೆ ಸಾಕು. ಇತಿಹಾಸದಲ್ಲಿ ಮೊದಲು ಬಂದದ್ದೂ ಇದೇ ದಾರಿ. ನಿರಪೇಕ್ಷ ದೋಷಗಳ ಮೊತ್ತವನ್ನು ಇಳಿಸುವ ವಿಧಾನವನ್ನು ಖಗೋಳ ವಿಜ್ಞಾನಿ ರೋಜರ್ ಬೊಸ್ಕೊವಿಚ್ 1757ರ ಸುಮಾರಿಗೆ ಮುಂದಿಟ್ಟಿದ್ದ. ಫ್ರೆಂಚ್ ಗಣಿತಜ್ಞ ಲೆಜಾಂಡ್ರ್ ಕನಿಷ್ಠ ವರ್ಗಗಳ ವಿಧಾನವನ್ನು ಪ್ರಕಟಿಸಿದ್ದು 1805ರಲ್ಲಿ. ವರ್ಗಗಳ ವಿಧಾನದಲ್ಲಿ ಉತ್ತರವು ಸರಳ ಸಮೀಕರಣಗಳಿಂದ ಕೈಲೆಕ್ಕಕ್ಕೆ ಸಿಗುತ್ತಿತ್ತು, ಇನ್ನೊಂದರಲ್ಲಿ ಹಾಗೆ ಸಿಗುತ್ತಿರಲಿಲ್ಲ. ವರ್ಗದ ದಾರಿ ಇಷ್ಟು ಬೇರೂರಿದ್ದಕ್ಕೆ ಆ ಸೌಕರ್ಯವೂ ಒಂದು ಕಾರಣ.

ಈಗ ಆರ್-ಸ್ಕ್ವೇರ್ಡ್ ಕಡೆ ಬರೋಣ. ಹೆಚ್ಚು ಗೊಂದಲ ಹುಟ್ಟುವುದು ಇದರಲ್ಲೇ ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು.

ಆರ್-ಸ್ಕ್ವೇರ್ಡ್ ಒಂದು ಹೋಲಿಕೆ. ಒಂದು ಕಡೆ ನಮ್ಮ ಮಾದರಿ, ಇನ್ನೊಂದು ಕಡೆ ಎಲ್ಲ ಸಾಲಿಗೂ ಸರಾಸರಿಯನ್ನೇ ಹೇಳುವ ಸೋಮಾರಿ ಅಂದಾಜು. ಮಾದರಿಯ ದೋಷಗಳ ವರ್ಗಗಳ ಮೊತ್ತವನ್ನು ಸೋಮಾರಿಯ ದೋಷಗಳ ವರ್ಗಗಳ ಮೊತ್ತದಿಂದ ಭಾಗಿಸಿ, ಬಂದದ್ದನ್ನು ಒಂದರಿಂದ ಕಳೆದರೆ ಅದೇ ಆರ್-ಸ್ಕ್ವೇರ್ಡ್. ನಮ್ಮ ಐದು ಬಡಾವಣೆಗಳಿಗೆ ಸರಾಸರಿ 220 ಎಂದು ಹೇಳಿದರೆ ವರ್ಗಗಳು 10,000, 3,600, 1,600, 0 ಮತ್ತು 40,000, ಒಟ್ಟು 55,200. ಕ ಮಾದರಿಯ ಮೊತ್ತ 8,000, ಆದ್ದರಿಂದ ಅದರ ಆರ್-ಸ್ಕ್ವೇರ್ಡ್ 0.855. ಖ ಮಾದರಿಯದು 14,800, ಆದ್ದರಿಂದ 0.732. ಮಾದರಿ ಸೋಮಾರಿಯಷ್ಟೇ ಚೆನ್ನಾಗಿದ್ದರೆ ಸೊನ್ನೆ. ಸೋಮಾರಿಗಿಂತ ಕೆಟ್ಟದಾಗಿದ್ದರೆ ಅಂಕಿ ಸೊನ್ನೆಯಿಂದ ಕೆಳಗಿಳಿದು ಋಣವಾಗುತ್ತದೆ. ಹೆಸರಿನಲ್ಲಿ ಸ್ಕ್ವೇರ್ಡ್ ಎಂದಿರುವುದರಿಂದ ಅದು ಋಣವಾಗಲು ಸಾಧ್ಯವೇ ಇಲ್ಲ ಎಂದು ನಂಬಿ ಕೋಡಿನಲ್ಲಿ ತಪ್ಪು ಹುಡುಕುತ್ತ ಕೂರುವವರಿದ್ದಾರೆ. ತರಬೇತಿ ಸಾಲುಗಳ ಮೇಲೆ ಲೀನಿಯರ್ ರಿಗ್ರೆಶನ್ನಿಗೆ ಆ ನಂಬಿಕೆ ಸರಿ, ಪರೀಕ್ಷಾ ಸಾಲುಗಳ ಮೇಲೆ ಸರಿಯಲ್ಲ.

ಮೇಲಿನ ಭಾಗಾಕಾರದ ಕೆಳಗಿನ ಅಂಕಿ, 55,200, ಮಾದರಿಗೆ ಏನೇನೂ ಸಂಬಂಧಪಟ್ಟದ್ದಲ್ಲ. ಅದು ನಿಜ ಬೆಲೆಗಳು ಎಷ್ಟು ಹರಡಿಕೊಂಡಿವೆ ಎಂಬುದನ್ನಷ್ಟೇ ಹೇಳುತ್ತದೆ. ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಮೊದಲನೆಯದು, ಅವೇ ಪರೀಕ್ಷಾ ಸಾಲುಗಳ ಮೇಲೆ ಎರಡು ಮಾದರಿಗಳನ್ನು ಹೋಲಿಸುವಾಗ ಕೆಳಗಿನ ಅಂಕಿ ಎರಡಕ್ಕೂ ಒಂದೇ ಆಗಿರುವುದರಿಂದ, ಆರ್-ಸ್ಕ್ವೇರ್ಡ್ ಕೊಡುವ ಶ್ರೇಯಾಂಕವೂ ಆರ್‌ಎಂಎಸ್‌ಇ ಕೊಡುವ ಶ್ರೇಯಾಂಕವೂ ಎಂದಿಗೂ ಒಂದೇ. ‘ಆರ್‌ಎಂಎಸ್‌ಇಯಲ್ಲೂ ಗೆದ್ದಿದೆ, ಆರ್-ಸ್ಕ್ವೇರ್ಡ್‌ನಲ್ಲೂ ಗೆದ್ದಿದೆ’ ಎಂದು ಎರಡು ಸಾಕ್ಷಿಗಳಂತೆ ಬರೆದಿರುವ ವರದಿಗಳನ್ನು ಆಗಾಗ ನೋಡುತ್ತೇವೆ. ಅದು ಒಬ್ಬನೇ ಸಾಕ್ಷಿ ಎರಡು ಸಲ ಕಟಕಟೆ ಹತ್ತಿದಂತೆ. ಎರಡನೆಯ ಸಾಕ್ಷಿ ಬೇಕಿದ್ದರೆ ಎಂಎಇಯನ್ನು ಕರೆಯಬೇಕು. (ದತ್ತಾಂಶವನ್ನು ಹಲವು ಮಡಿಕೆಗಳಾಗಿ ಹಂಚಿ ಸರದಿಯಂತೆ ಒಂದೊಂದರ ಮೇಲೂ ಪರೀಕ್ಷಿಸುವ ಕ್ರಾಸ್-ವ್ಯಾಲಿಡೇಶನ್ ಮಾಡಿ, ಆ ಮಡಿಕೆಗಳ ಅಂಕಿಗಳ ಸರಾಸರಿ ತೆಗೆದಾಗ ಮಾತ್ರ ಇವೆರಡೂ ಬೇರೆಯಾಗಬಹುದು, ಏಕೆಂದರೆ ಪ್ರತಿ ಮಡಿಕೆಯಲ್ಲೂ ಕೆಳಗಿನ ಅಂಕಿ ಬೇರೆ.)

ಎರಡನೆಯ ಸಂಗತಿ ಇನ್ನೂ ದೊಡ್ಡದು. ಐದನೆಯ ದುಬಾರಿ ಬಡಾವಣೆಯನ್ನು ಪಟ್ಟಿಯಿಂದ ತೆಗೆದು, ಉಳಿದ ನಾಲ್ಕರ ಮೇಲೆ ಮಾತ್ರ ಅಳೆದು ನೋಡಿ. ಕ ಮಾದರಿ ಈಗಲೂ ಪ್ರತಿಯೊಂದರಲ್ಲೂ 40ರಷ್ಟೇ ತಪ್ಪುತ್ತದೆ. ಎಂಎಇ 40, ಆರ್‌ಎಂಎಸ್‌ಇ 40, ಕೂದಲೆಳೆಯಷ್ಟೂ ಬದಲಾಗಿಲ್ಲ. ಆದರೆ ಈ ನಾಲ್ಕರ ಸರಾಸರಿ 170, ಅದರಿಂದ ದೂರಗಳ ವರ್ಗಗಳು 2,500, 100, 100 ಮತ್ತು 2,500. ಒಟ್ಟು 5,200 ಮಾತ್ರ. ಮಾದರಿಯ ಮೊತ್ತ 6,400. ಆರ್-ಸ್ಕ್ವೇರ್ಡ್ 0.855ರಿಂದ ಋಣ 0.23ಕ್ಕೆ ಬಿತ್ತು. ಮಾದರಿ ಒಂದು ಡಾಲರಿನಷ್ಟೂ ಕೆಟ್ಟಿಲ್ಲ. ಬೆಲೆಗಳು ಒತ್ತೊತ್ತಾಗಿರುವ ಕಡೆ ಸೋಮಾರಿಯ ಅಂದಾಜೂ ಚೆನ್ನಾಗಿಯೇ ಇರುತ್ತದೆ, ಅಷ್ಟೇ. ಇತ್ತ ಖ ಮಾದರಿಯ ಆರ್-ಸ್ಕ್ವೇರ್ಡ್ ಅದೇ ನಾಲ್ಕು ಸಾಲುಗಳಲ್ಲಿ 0.732ರಿಂದ 0.923ಕ್ಕೆ ಏರುತ್ತದೆ, ಅದರ ದೊಡ್ಡ ತಪ್ಪು ಪಟ್ಟಿಯಿಂದಲೇ ಹೋಗಿರುವುದರಿಂದ.

ಹಾಗಾಗಿ ಇಡೀ ಕ್ಯಾಲಿಫೋರ್ನಿಯಾದ ಮೇಲೆ 0.8 ಪಡೆದ ಮಾದರಿ ಮತ್ತು ಒಂದೇ ಪಟ್ಟಣದ ಮೇಲೆ 0.4 ಪಡೆದ ಮಾದರಿಯನ್ನು ಪಕ್ಕಪಕ್ಕದಲ್ಲಿಟ್ಟು ಮೊದಲನೆಯದೇ ಮೇಲು ಎನ್ನಲಾಗದು. ಇಡೀ ರಾಜ್ಯದಲ್ಲಿ ಕಡಲ ತೀರದ ದುಬಾರಿ ಬಡಾವಣೆಗಳೂ ಒಳನಾಡಿನ ಅಗ್ಗದವೂ ಇರುವುದರಿಂದ ಹರವು ದೊಡ್ಡದು, ಸೋಮಾರಿಯನ್ನು ಸೋಲಿಸುವುದು ಸುಲಭ. ಒಂದೇ ಪಟ್ಟಣದೊಳಗೆ ಅದೇ ಕೆಲಸ ಕಷ್ಟ. ಆರ್-ಸ್ಕ್ವೇರ್ಡ್‌ಗೆ ಏಕಮಾನವಿಲ್ಲ, ಡಾಲರನ್ನು ರೂಪಾಯಿಗೆ ಬದಲಿಸಿದರೂ ಅದು ಬದಲಾಗುವುದಿಲ್ಲ. ಅದನ್ನೇ ನೆಚ್ಚಿಕೊಂಡು ಎಲ್ಲವನ್ನೂ ಎಲ್ಲದರೊಂದಿಗೆ ಹೋಲಿಸಬಹುದು ಎಂಬ ಭಾವನೆ ಬೆಳೆದಿದೆ. ಏಕಮಾನ ಇಲ್ಲದಿರುವುದು ಬೇರೆ, ಅಳತೆಗೋಲು ಒಂದೇ ಆಗಿರುವುದು ಬೇರೆ.

0.576 ಎಂಬ ನಮ್ಮ ಅಂಕಿಯನ್ನೇ ತೆಗೆದುಕೊಳ್ಳಿ. ‘ಬೆಲೆಗಳ ಏರಿಳಿತದ ಶೇಕಡಾ 58ನ್ನು ಮಾದರಿ ವಿವರಿಸುತ್ತದೆ’ ಎಂದು ಇದನ್ನು ಓದುವ ರೂಢಿಯಿದೆ. ಆ ಏರಿಳಿತ ಡಾಲರ್‌ನಲ್ಲಿಲ್ಲ, ಡಾಲರ್‌ನ ವರ್ಗದಲ್ಲಿದೆ ಎಂಬುದು ಮಾತಿನ ಓಟದಲ್ಲಿ ಮರೆತುಹೋಗುತ್ತದೆ. ಈ ಪರೀಕ್ಷಾ ಸಾಲುಗಳ ಮೇಲೆ ಸರಾಸರಿಯನ್ನೇ ಹೇಳುವ ಸೋಮಾರಿಯ ಆರ್‌ಎಂಎಸ್‌ಇ ಸುಮಾರು 1.145, ಅಂದರೆ 1,14,500 ಡಾಲರ್. ಮಾದರಿ ಅದನ್ನು 74,600ಕ್ಕೆ ಇಳಿಸಿದೆ. ಡಾಲರ್ ಲೆಕ್ಕದಲ್ಲಿ ಇಳಿಕೆ ಶೇಕಡಾ 35 ಮಾತ್ರ. ಒಂದರಿಂದ 0.576 ಕಳೆದರೆ 0.424, ಅದರ ವರ್ಗಮೂಲ 0.65, ಸೋಮಾರಿಯ ತಪ್ಪಿನ ಶೇಕಡಾ 65 ಇನ್ನೂ ಉಳಿದಿದೆ ಎಂಬುದು ಹೀಗೆ ಬರುತ್ತದೆ. ಇದೇ ಲೆಕ್ಕದಲ್ಲಿ, ಸೋಮಾರಿಯ ತಪ್ಪನ್ನು ಅರ್ಧಕ್ಕೆ ಇಳಿಸಬೇಕಾದರೆ ಆರ್-ಸ್ಕ್ವೇರ್ಡ್ 0.75 ಇರಬೇಕು. ನನ್ನ ಮಟ್ಟಿಗೆ, ಆರ್-ಸ್ಕ್ವೇರ್ಡ್ ಅನ್ನು ಯಾರಿಗಾದರೂ ತೋರಿಸುವ ಮೊದಲು ಈ ವರ್ಗಮೂಲವನ್ನು ತೆಗೆದು ಪಕ್ಕದಲ್ಲಿ ಬರೆದುಕೊಳ್ಳುವುದು ಒಳ್ಳೆಯ ಅಭ್ಯಾಸ. ಉತ್ಸಾಹ ಹದಕ್ಕೆ ಬರುತ್ತದೆ.

ಲೆಕ್ಕ ಹಾಕುವಾಗ ಆಗುವ ಎರಡು ಎಡವಟ್ಟುಗಳನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಎರಡರಲ್ಲೂ ಪ್ರೋಗ್ರಾಮ್ ಯಾವ ದೂರೂ ಹೇಳದೆ ಓಡುತ್ತದೆ. ಒಂದು, ನಿಜ ಬೆಲೆ ಮತ್ತು ಅಂದಾಜುಗಳ ಸ್ಥಾನ ಪಲ್ಲಟ. `r2_score` ಫಂಕ್ಷನ್ನಿಗೆ ಮೊದಲು ನಿಜ ಬೆಲೆ, ಆಮೇಲೆ ಅಂದಾಜು ಕೊಡಬೇಕು. ಎಂಎಇ ಮತ್ತು ಆರ್‌ಎಂಎಸ್‌ಇಯಲ್ಲಿ ಇವನ್ನು ಅದಲುಬದಲು ಮಾಡಿದರೂ ಉತ್ತರ ಒಂದೇ, ಹಾಗಾಗಿ ಕೈಗೆ ಎಚ್ಚರಿಕೆ ತಪ್ಪಿಹೋಗಿರುತ್ತದೆ. ನಾನೇ ಒಮ್ಮೆ ಹೀಗೆ ಕೊಟ್ಟು, ಎರಡು ಅಂಕಿಗಳು ಚೆನ್ನಾಗಿದ್ದೂ ಮೂರನೆಯದು ಏಕೆ ಕುಸಿದಿದೆ ಎಂದು ಅರ್ಧ ದಿನ ದತ್ತಾಂಶವನ್ನು ಜಾಲಾಡಿದ್ದೇನೆ. ಖ ಮಾದರಿಯಲ್ಲಿ ಅದಲುಬದಲು ಮಾಡಿದರೆ ಹರವನ್ನು ನಿಜ ಬೆಲೆಗಳ ಬದಲು ಅಂದಾಜುಗಳಿಂದ ಅಳೆದಂತಾಗಿ 55,200ರ ಜಾಗದಲ್ಲಿ 17,520 ಬರುತ್ತದೆ, ಮತ್ತು 0.732 ಇರಬೇಕಾದ ಉತ್ತರ 0.155 ಆಗುತ್ತದೆ.

ಇನ್ನೊಂದು, ನಿಜ ಬೆಲೆ ಮತ್ತು ಅಂದಾಜುಗಳ ನಡುವಿನ ಸಹಸಂಬಂಧವನ್ನು ತೆಗೆದು, ಅದನ್ನು ವರ್ಗ ಮಾಡಿ, ಅದನ್ನೇ ಆರ್-ಸ್ಕ್ವೇರ್ಡ್ ಎಂದು ಕರೆಯುವುದು. ತರಬೇತಿ ಸಾಲುಗಳ ಮೇಲೆ ಲೀನಿಯರ್ ರಿಗ್ರೆಶನ್ ಮಾಡಿದಾಗ ಎರಡೂ ಒಂದೇ ಆಗುವುದರಿಂದ ಈ ರೂಢಿ ಬಂದಿದೆ. ಪರೀಕ್ಷಾ ಸಾಲುಗಳ ಮೇಲೆ ಹಾಗಲ್ಲ. ಐದೂ ಬಡಾವಣೆಗಳಿಗೆ ನಿಜ ಬೆಲೆಗಿಂತ ಸರಿಯಾಗಿ 100 ಹೆಚ್ಚು ಹೇಳುವ ಮಾದರಿಯನ್ನು ಯೋಚಿಸಿ. ಅಂದಾಜುಗಳು ನಿಜ ಬೆಲೆಯೊಂದಿಗೆ ಹೆಜ್ಜೆಗೆ ಹೆಜ್ಜೆ ಏರುತ್ತವೆ, ಇಳಿಯುತ್ತವೆ. ಸಹಸಂಬಂಧ ಪೂರ್ತಿ 1. ಆದರೆ ಒಬ್ಬೊಬ್ಬ ಖರೀದಿದಾರನಿಗೂ ಲಕ್ಷ ಡಾಲರ್ ತಪ್ಪು ಹೇಳಿದಂತಾಯಿತು. ನಿಜವಾದ ಆರ್-ಸ್ಕ್ವೇರ್ಡ್ ಇದನ್ನು ಹಿಡಿಯುತ್ತದೆ: 50,000ವನ್ನು 55,200ರಿಂದ ಭಾಗಿಸಿ ಒಂದರಿಂದ ಕಳೆದರೆ 0.094.

ಇಷ್ಟಾದ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಮರಳಿದರೆ, ಆ 1.4ರ ಅನುಪಾತದ ಹಿಂದೆ ಏನಿರಬಹುದು ಎಂದು ಹುಡುಕುವಾಗ ಮೊದಲು ಕಣ್ಣಿಗೆ ಬೀಳುವುದು ದತ್ತಾಂಶದ ಮೇಲ್ಚಾವಣಿ. ಐದು ಲಕ್ಷ ಡಾಲರ್ ಮೀರಿದ ಬಡಾವಣೆಗಳ ಬೆಲೆಯನ್ನು ಇದ್ದಂತೆಯೇ ಬರೆಯದೆ 5,00,001 ಎಂದು ಬರೆಯಲಾಗಿದೆ. ಅಂಥ 965 ಸಾಲುಗಳಿವೆ. ಬೆಲೆಗಳ ಚಿತ್ರ ಬರೆದರೆ ಬಲ ತುದಿಯಲ್ಲಿ ಒಂದು ಕಂಬ ಒಂಟಿಯಾಗಿ ನಿಂತಿರುವುದು ಕಾಣುತ್ತದೆ. ಆ ಬಡಾವಣೆಗಳಲ್ಲಿ ನಿಜ ಬೆಲೆ ಆರು ಲಕ್ಷವೂ ಇರಬಹುದು, ಒಂಬತ್ತು ಲಕ್ಷವೂ ಇರಬಹುದು.

ಇಂಥ ಒಂದು ಬಡಾವಣೆಗೆ ಮಾದರಿ ಏಳು ಲಕ್ಷ ಎಂದು ಹೇಳಿತು ಎಂದುಕೊಳ್ಳಿ. ದಾಖಲೆಯ ಪ್ರಕಾರ ಎರಡು ಲಕ್ಷದ ತಪ್ಪು. ಎಂಎಇಯಲ್ಲಿ ಇದು ಸಾಧಾರಣ ಸಾಲೊಂದರ ಸುಮಾರು ನಾಲ್ಕರಷ್ಟು ತೂಗುತ್ತದೆ. ವರ್ಗ ಮಾಡಿದಾಗ ಸರಾಸರಿ ವರ್ಗದ ಏಳು ಪಟ್ಟಿಗಿಂತ ಹೆಚ್ಚು ತೂಗುತ್ತದೆ. ನಿಜ ಬೆಲೆ ಏಳು ಲಕ್ಷವೇ ಆಗಿದ್ದರೆ ಮಾದರಿ ಸರಿಯಾಗಿ ಹೇಳಿದ್ದಕ್ಕೆ ದಂಡ ಕಟ್ಟಿದಂತಾಯಿತು. ಅದೇ ಬಡಾವಣೆಗೆ ನಾಲ್ಕು ಲಕ್ಷ ಎಂದಿದ್ದರೆ ದಾಖಲೆಯಲ್ಲಿ ಒಂದು ಲಕ್ಷದ ತಪ್ಪು ಮಾತ್ರ ಕಾಣುತ್ತದೆ, ನಿಜವಾದ ತಪ್ಪು ಮೂರು ಲಕ್ಷವಿದ್ದರೂ. ಈ ಸಾಲುಗಳನ್ನು ಪರೀಕ್ಷೆಯಿಂದ ತೆಗೆದುಬಿಡೋಣ ಎಂದರೆ ದೊಡ್ಡ ತಪ್ಪುಗಳ ಜೊತೆಗೆ ಬೆಲೆಗಳ ಹರವೂ ಕುಗ್ಗುತ್ತದೆ. ನಾಲ್ಕು ಬಡಾವಣೆಗಳಲ್ಲಿ ಕಂಡಂತೆ ಆರ್-ಸ್ಕ್ವೇರ್ಡ್ ಯಾವ ದಿಕ್ಕಿಗೆ ಹೋದರೂ ಅದರಿಂದ ಮಾದರಿಯ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ. ನಾನು ಮಾಡುವುದು ಎರಡು ಸಾಲುಗಳ ಕೋಷ್ಟಕ: ಚಾವಣಿಯ ಕೆಳಗಿನ ಬಡಾವಣೆಗಳಿಗೆ ಎಂಎಇ ಮತ್ತು ಆರ್‌ಎಂಎಸ್‌ಇ ಒಂದು ಸಾಲಿನಲ್ಲಿ, ಚಾವಣಿಗೆ ತಾಗಿದವುಗಳಿಗೆ ಇನ್ನೊಂದು ಸಾಲಿನಲ್ಲಿ, ಮಾದರಿ ಎಷ್ಟು ಬಡಾವಣೆಗಳನ್ನು ಐದು ಲಕ್ಷಕ್ಕಿಂತ ಕೆಳಗೆ ಹೇಳಿತು ಎಂಬ ಎಣಿಕೆ ಮಾತ್ರ. ಅವುಗಳ ನಿಜ ಬೆಲೆಯೇ ದಾಖಲೆಯಲ್ಲಿಲ್ಲದ ಮೇಲೆ, ಎಷ್ಟು ತಪ್ಪಿತು ಎಂಬ ಪ್ರಶ್ನೆಗೆ ಮೂರರಲ್ಲಿ ಯಾವ ಅಂಕಿಯೂ ಉತ್ತರ ಕೊಡಲಾರದು.